ಲಾಭ ಬಂತು, ದುಡ್ಡೆಲ್ಲಿ? ಡೇರಿ ಮಹಾಸಭೆಗೆ ಹತ್ತು ಸ್ಲೈಡು

"ಲಾಭ ಒಂದು ಲಕ್ಷದ ಎಂಬತ್ತು ಸಾವಿರ ಅಂತ ಓದಿದ್ರಿ. ಬ್ಯಾಂಕಲ್ಲಿ ಎಪ್ಪತ್ತು ಸಾವಿರ ಅಂತಾನೂ ಓದಿದ್ರಿ. ಮಿಕ್ಕಿದ್ದು ಎಲ್ಲಿ ಸೆಕ್ರೆಟ್ರಿಗಳೇ?"

ಹಳೇ ಮೈಸೂರು ಕಡೆ ಯಾವ ಹಳ್ಳಿಯ ಹಾಲಿನ ಡೇರಿಯ ಮಹಾಸಭೆಗೆ ಹೋದರೂ ಅಂಕಿ ಬೇರೆಯಾದೀತೇ ಹೊರತು ಈ ಪ್ರಶ್ನೆ ತಪ್ಪುವುದು ಕಡಿಮೆ. ಕಾರ್ಯದರ್ಶಿ ವರದಿ ಪುಸ್ತಕದ ಪುಟ ತಿರುವುತ್ತಾರೆ. ಅಧ್ಯಕ್ಷರು "ಆಡಿಟ್ ಆಗಿದೆ ಬಿಡಪ್ಪಾ" ಅನ್ನುತ್ತಾರೆ. ಹಿಂದಿನ ಸಾಲಿನಿಂದ ಯಾರೋ "ತಿಂದವ್ರೆ" ಅನ್ನುತ್ತಾರೆ. ಅಲ್ಲಿಗೆ ಸಭೆ ಲೆಕ್ಕದಿಂದ ಜಗಳಕ್ಕೆ ಹೊರಳುತ್ತದೆ. ಬಹಳಷ್ಟು ಸಲ ಯಾರೂ ತಿಂದಿರುವುದಿಲ್ಲ. ಪ್ರಶ್ನೆಗೆ ಸರಿಯಾದ ಉತ್ತರ ಇದ್ದೇ ಇರುತ್ತದೆ. ಆದರೆ ಅದು ವರದಿಯ ನಾಲ್ಕು ಬೇರೆ ಬೇರೆ ಪುಟಗಳಲ್ಲಿ ಹರಿದು ಹಂಚಿಹೋಗಿರುತ್ತದೆ. ಅದನ್ನು ಒಟ್ಟುಮಾಡಿ ಒಂದೇ ಕಡೆ ತೋರಿಸುವ ಹಾಳೆ ಆ ಪುಸ್ತಕದಲ್ಲಿ ಇರುವುದಿಲ್ಲ.

ಈಗ ಪೇಟೆಯಿಂದ ಶಾಮಿಯಾನದ ಜೊತೆಗೆ ಪ್ರೊಜೆಕ್ಟರನ್ನೂ ಬಾಡಿಗೆಗೆ ತರಿಸುವ ಸಂಘಗಳಿವೆ. ತರಿಸಿ ಮಾಡುವುದೇನೆಂದರೆ, ಆಡಿಟ್ ವರದಿಯ ಪುಟಗಳನ್ನೇ ಸ್ಕ್ಯಾನ್ ಮಾಡಿ ಪರದೆಗೆ ಬಿಡುವುದು. ಕೈಯಲ್ಲಿರುವ ಪುಸ್ತಕದಲ್ಲಿ ಓದಲಾಗದ್ದು ಗೋಡೆಯ ಮೇಲೂ ಓದಲಾಗುವುದಿಲ್ಲ. ವರದಿ ಆಡಿಟರಿಗೆ ಬೇಕಾದ ಕ್ರಮದಲ್ಲಿರುತ್ತದೆ: ಜಮಾ-ಖರ್ಚು, ವ್ಯಾಪಾರ ಪಟ್ಟಿ, ಲಾಭ-ನಷ್ಟ, ಆಸ್ತಿ-ಜವಾಬ್ದಾರಿ. ಸದಸ್ಯರ ತಲೆಯಲ್ಲಿ ಪ್ರಶ್ನೆಗಳು ಬರುವ ಕ್ರಮವೇ ಬೇರೆ. ನಾನು ಹಾಕಿದ ಹಾಲಿಗೆ ಎಷ್ಟು ಬಂತು, ಸಂಘ ಎಷ್ಟು ಇಟ್ಟುಕೊಂಡಿತು, ಯಾತಕ್ಕೆ ಖರ್ಚು ಮಾಡಿತು, ಉಳಿದದ್ದು ಎಲ್ಲಿದೆ, ನನಗೆ ಬೋನಸ್ ಎಷ್ಟು. ಸ್ಲೈಡುಗಳು ಈ ಕ್ರಮದಲ್ಲಿ ಬರಬೇಕು.

ಮಾತಿಗೆ ಒಂದು ಸಂಘವನ್ನು ಊಹಿಸಿಕೊಳ್ಳೋಣ. ಇಲ್ಲಿನ ಅಂಕಿಗಳು ಯಾವ ಊರಿನವೂ ಅಲ್ಲ, ಲೆಕ್ಕ ಸುಲಭವಾಗಲೆಂದು ದುಂಡಗೆ ಮಾಡಿಕೊಂಡವು. ದಿನಕ್ಕೆ ಸುಮಾರು 600 ಲೀಟರ್, ವರ್ಷಕ್ಕೆ 2,20,000 ಲೀಟರ್ ಹಾಲು ಬರುವ ಸಣ್ಣ ಸಂಘ. ಅದರಲ್ಲಿ 2,10,000 ಲೀಟರ್ ಜಿಲ್ಲಾ ಒಕ್ಕೂಟಕ್ಕೆ ಹೋಯಿತು. ಲೀಟರಿಗೆ ಸರಾಸರಿ 34 ರೂಪಾಯಿಯಂತೆ 71,40,000 ಬಂತು. ಮಿಕ್ಕ 10,000 ಲೀಟರ್ ಊರಲ್ಲೇ 45 ರೂಪಾಯಿಗೆ ಮಾರಿ 4,50,000 ಬಂತು. ಸದಸ್ಯರಿಗೆ ಕೊಟ್ಟದ್ದು ಲೀಟರಿಗೆ ಸರಾಸರಿ 32 ರೂಪಾಯಿ 50 ಪೈಸೆ, ಒಟ್ಟು 71,50,000.

ಮೊದಲ ಸ್ಲೈಡಿನಲ್ಲಿ ಅಧ್ಯಕ್ಷರ ಭಾವಚಿತ್ರ, ಸ್ವಾಗತ, ಸುಸ್ವಾಗತ ಯಾವುದೂ ಬೇಡ. ಇವತ್ತಿನ ಸಭೆ ಏನನ್ನು ತೀರ್ಮಾನಿಸಬೇಕು ಎಂಬುದನ್ನು ಮೂರು ಸಾಲಿನಲ್ಲಿ ಬರೆದರೆ ಸಾಕು: ಲೆಕ್ಕ ಒಪ್ಪುವುದು, ಲಾಭ ಹಂಚುವುದು, ಬರುವ ವರ್ಷದ ಬಜೆಟ್. ಲಾಭ ವಿಲೇವಾರಿಗೆ ಆಡಳಿತ ಮಂಡಳಿ ಶಿಫಾರಸು ಮಾಡಬಹುದೇ ಹೊರತು ಒಪ್ಪಿಗೆ ಕೊಡಬೇಕಾದದ್ದು ಮಹಾಸಭೆ. ತೀರ್ಮಾನ ತನ್ನದು ಎಂದು ಮೊದಲೇ ತಿಳಿದ ಸದಸ್ಯ ಮುಂದಿನ ಸ್ಲೈಡುಗಳನ್ನು ಬೇರೆ ಕಣ್ಣಿಂದ ನೋಡುತ್ತಾನೆ. ಎರಡನೆಯದರಲ್ಲಿ ಇಡೀ ವರ್ಷ ಒಂದೇ ವಾಕ್ಯಕ್ಕೆ ಇಳಿಯಬೇಕು: "ನೀವು 2,20,000 ಲೀಟರ್ ಹಾಲು ಹಾಕಿದಿರಿ, ನಿಮಗೆ 71,50,000 ಬಟವಾಡೆ ಆಯಿತು, ಸಂಘಕ್ಕೆ 1,80,000 ಉಳಿಯಿತು." ಕೆಳಗೆ ಹಿಂದಿನ ಎರಡು ವರ್ಷದ ಇವೇ ಮೂರು ಅಂಕಿ. ಅಷ್ಟೇ.

ಮೂರನೆಯದು ನೂರು ರೂಪಾಯಿಯ ಸ್ಲೈಡು. ಇದರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. 76 ಲಕ್ಷ ಎಂದರೆ ಎಷ್ಟು ಎಂಬುದು ದಿನಕ್ಕೆ ಎಂಟು ಲೀಟರ್ ಹಾಲು ಹಾಕುವವರ ಅಂದಾಜಿಗೆ ಸಿಗುವ ಮೊತ್ತವಲ್ಲ. ನೂರು ರೂಪಾಯಿ ಸಿಗುತ್ತದೆ. ಹಾಲು ಮಾರಿ ಬಂದದ್ದು 75,90,000. ಫೀಡ್ ಮಾರಾಟದಲ್ಲಿ ಉಳಿದ 30,000, ಬಡ್ಡಿ ಮುಂತಾದ್ದು 10,000 ಸೇರಿಸಿದರೆ 76,30,000. ಇದನ್ನು ನೂರಕ್ಕೆ ಇಳಿಸಿದರೆ 94 ರೂಪಾಯಿ ಹಾಲು ಹಾಕಿದವರಿಗೆ ಹೋಯಿತು, 4 ರೂಪಾಯಿ ಸಂಘ ನಡೆಸಲು ಖರ್ಚಾಯಿತು, 2 ರೂಪಾಯಿ ಉಳಿಯಿತು. ಪರದೆಯ ಮೇಲೆ ಅಡ್ಡಕ್ಕೆ ಒಂದೇ ಉದ್ದನೆಯ ಪಟ್ಟಿ ಎಳೆದು ಅದನ್ನು ಮೂರು ತುಂಡು ಮಾಡಿ. ದುಂಡನೆಯ ಚಿತ್ರ ಬೇಡ. ಅದರಲ್ಲಿ 4ಕ್ಕೂ 2ಕ್ಕೂ ಇರುವ ವ್ಯತ್ಯಾಸ ಹಿಂದೆ ಕೂತವರಿಗೆ ಕಾಣುವುದಿಲ್ಲ.

ಈ ಸ್ಲೈಡಿನ ಮುಂದೆ ಒಂದು ಗೊಂದಲ ಏಳುತ್ತದೆ, ಅದಕ್ಕೆ ಸಿದ್ಧವಾಗಿರಬೇಕು. "ಸರ್ಕಾರದ ಐದು ರೂಪಾಯಿ ಎಲ್ಲಿ?" ಪ್ರೋತ್ಸಾಹಧನ ಹಾಲು ಉತ್ಪಾದಕರ ಬ್ಯಾಂಕ್ ಖಾತೆಗೆ ನೇರವಾಗಿ ಬೀಳುತ್ತದೆ, ಸಂಘದ ಆದಾಯದೊಳಗೆ ಬರುವುದಿಲ್ಲ. ಆದ್ದರಿಂದ ಈ ನೂರು ರೂಪಾಯಿಯಲ್ಲಿ ಅದು ಇಲ್ಲ. ಸ್ಲೈಡಿನ ಕೆಳಗೆ ಆ ಒಂದು ಸಾಲು ಬರೆದಿಟ್ಟರೆ ಅರ್ಧ ಗಂಟೆಯ ಗದ್ದಲ ತಪ್ಪುತ್ತದೆ. ಬರದೇ ಉಳಿದ ಕಂತಿದ್ದರೆ ಅದು ಬೇರೆ ದೂರು, ಅದರ ಜಾಗವೂ ಬೇರೆ.

ನಾಲ್ಕು ಮತ್ತು ಐದನೆಯ ಸ್ಲೈಡು ಸಂಘ ಗಳಿಸಿದ್ದು ಮತ್ತು ಖರ್ಚು ಮಾಡಿದ್ದು. ಗಳಿಕೆ: ಹಾಲಿನ ವ್ಯತ್ಯಾಸ 4,40,000, ಫೀಡ್ 30,000, ಇತರೆ 10,000, ಒಟ್ಟು 4,80,000. ಖರ್ಚು: ಸಂಬಳ 2,10,000, ಪರೀಕ್ಷೆಯ ರಾಸಾಯನಿಕ, ಕರೆಂಟು, ಪುಸ್ತಕ 45,000, ಸಭೆ, ಪ್ರಯಾಣ, ಆಡಿಟ್ ಶುಲ್ಕ 25,000, ಸವಕಳಿ 20,000, ಒಟ್ಟು 3,00,000. ಆಡಿಟ್ ವರದಿಯಲ್ಲಿ ಖರ್ಚಿನ ಬಾಬ್ತು ಇಪ್ಪತ್ತೈದು ಇರಬಹುದು. ಸ್ಲೈಡಿಗೆ ನಾಲ್ಕೇ ಗುಂಪು ಸಾಕು, ಆದರೆ ಯಾವ ಬಾಬ್ತು ಯಾವ ಗುಂಪಿಗೆ ಹೋಯಿತು ಎಂದು ಕೇಳಿದರೆ ತೋರಿಸಲು ಹಾಳೆ ಕೈಯಲ್ಲಿರಬೇಕು. 'ಇತರೆ' ಎಂಬ ಗುಂಪು ಉಳಿದವುಗಳಿಗಿಂತ ದೊಡ್ಡದಾಗಿದ್ದರೆ ಗುಂಪು ಮಾಡಿದ್ದು ತಪ್ಪು ಎಂದೇ ಅರ್ಥ, ಸದಸ್ಯರು ಮೊದಲು ಬೆರಳಿಡುವುದೂ ಅಲ್ಲಿಗೇ. ಲೀಟರ್ ಲೆಕ್ಕ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: ಪ್ರತಿ ಲೀಟರಿಗೆ ಸಂಘಕ್ಕೆ ಸಿಕ್ಕಿದ್ದು 2 ರೂಪಾಯಿ 18 ಪೈಸೆ, ಖರ್ಚಾದದ್ದು 1 ರೂಪಾಯಿ 36 ಪೈಸೆ, ಉಳಿದದ್ದು 82 ಪೈಸೆ. ದಿನಾ ಲೀಟರಿನಲ್ಲೇ ಲೆಕ್ಕ ಹಾಕುವ ಜನಕ್ಕೆ ಬೇರೆ ವಿವರಣೆಯೇ ಬೇಡ.

ಸವಕಳಿಗೆ ಮಾತ್ರ ಒಂದು ಮಾತು ಬೇಕು. ಹಾಲು ಪರೀಕ್ಷೆಯ ಯಂತ್ರ, ತೂಕದ ಯಂತ್ರ, ಕ್ಯಾನು ಎಲ್ಲವೂ ವರ್ಷ ವರ್ಷ ಸವೆಯುತ್ತವೆ. ಆ ಸವೆತವನ್ನು ಖರ್ಚು ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಆ 20,000ವನ್ನು ಯಾರ ಕೈಗೂ ಕೊಟ್ಟಿಲ್ಲ. ಇದನ್ನು ಇಲ್ಲೇ ಹೇಳಿಬಿಟ್ಟರೆ ಮುಂದಿನ ಸ್ಲೈಡು ಸಲೀಸಾಗುತ್ತದೆ.

ಮುಂದಿನದು ಆರನೆಯದು, ಇಡೀ ಸಭೆ ನಿಂತಿರುವುದೇ ಅದರ ಮೇಲೆ. ತಲೆಬರಹ ಸದಸ್ಯರ ಬಾಯಲ್ಲಿ ಬರುವ ಪ್ರಶ್ನೆಯೇ ಆಗಿರಲಿ: "ಲಾಭ 1,80,000. ಬ್ಯಾಂಕಲ್ಲಿ 70,000. ಯಾಕೆ?" ಅದರ ಕೆಳಗೆ ಹೀಗೆ:

ವರ್ಷದ ಮೊದಲ ದಿನ ಕೈಯಲ್ಲಿ, ಬ್ಯಾಂಕಲ್ಲಿ ಇದ್ದದ್ದು: 1,10,000
ಈ ವರ್ಷದ ಲಾಭ: 1,80,000
ಪುಸ್ತಕದಲ್ಲಿ ಮಾತ್ರ ಬರೆದ ಖರ್ಚು (ಸವಕಳಿ): 20,000
ಒಟ್ಟು ಇರಬೇಕಾದದ್ದು: 3,10,000

ಕಳೆದ ವರ್ಷದ ಲಾಭ ಹಂಚಿದ್ದು: 90,000
ಹೊಸ ಪರೀಕ್ಷಾ ಯಂತ್ರ ಕೊಂಡದ್ದು: 85,000
ಸದಸ್ಯರ ಫೀಡ್ ಬಾಕಿ ಹೆಚ್ಚಾದದ್ದು: 45,000
ಗೋದಾಮಿನಲ್ಲಿ ಫೀಡ್ ದಾಸ್ತಾನು ಹೆಚ್ಚಾದದ್ದು: 20,000
ಒಟ್ಟು ಹೋದದ್ದು: 2,40,000

ಮಾರ್ಚ್ 31ರಂದು ಉಳಿದದ್ದು: 70,000

ಪ್ರತಿ ಸಾಲೂ ಸದಸ್ಯ ಕಣ್ಣಾರೆ ಕಂಡದ್ದೇ. ಕಳೆದ ವರ್ಷದ 90,000ದಲ್ಲಿ 60,000 ಬೋನಸ್ ಅವರ ಕೈಗೇ ಬಂದಿದೆ, ಮಿಕ್ಕ 30,000 ಆಪದ್ಧನ ನಿಧಿಗೂ ಸಹಕಾರ ಶಿಕ್ಷಣ ನಿಧಿಗೂ ಕಟ್ಟಿದ್ದು. ಹೊಸ ಯಂತ್ರದಲ್ಲಿ ದಿನಾ ಎರಡು ಹೊತ್ತು ಅವರ ಹಾಲಿನ ಜಿಡ್ಡು ನೋಡುತ್ತಾರೆ. ಫೀಡ್ ಮೂಟೆ ಗೋದಾಮಿನಲ್ಲಿ ಕಾಣುತ್ತದೆ. ಲಾಭವೆಂದರೆ ವರ್ಷದಲ್ಲಿ ಗಳಿಸಿದ್ದರಲ್ಲಿ ಖರ್ಚು ಕಳೆದು ಮಿಕ್ಕಿದ್ದು. ಅದು ಅಷ್ಟರಲ್ಲೇ ಯಂತ್ರವಾಗಿಯೋ ಮೂಟೆಯಾಗಿಯೋ ಯಾರದೋ ಬಾಕಿಯಾಗಿಯೋ ರೂಪ ಬದಲಿಸಿರಬಹುದು. ಎಮ್ಮೆ ಮಾರಿದ ದುಡ್ಡಲ್ಲಿ ಅದೇ ವಾರ ಹುಲ್ಲಿನ ಬಣವೆ ಕೊಂಡವನ ಜೇಬು ಖಾಲಿ ಇದ್ದ ಹಾಗೆ.

ಈ ಸ್ಲೈಡನ್ನು ತಯಾರಿಸುವುದು ಕಷ್ಟವೇನಲ್ಲ. ಹಿಂದಿನ ವರ್ಷದ ಆಸ್ತಿ-ಜವಾಬ್ದಾರಿ ಪಟ್ಟಿಯನ್ನು ಈ ವರ್ಷದ್ದರ ಪಕ್ಕದಲ್ಲಿಟ್ಟುಕೊಂಡು ಪ್ರತಿ ಬಾಬ್ತು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆಯುತ್ತಾ ಹೋಗಬೇಕು. ಆಸ್ತಿ ಏರಿದರೆ ಅಲ್ಲಿಗೆ ದುಡ್ಡು ಹೋಗಿದೆ. ಸಂಘ ಕೊಡಬೇಕಾದ ಬಾಕಿ ಏರಿದರೆ ಅಷ್ಟು ದುಡ್ಡು ಇನ್ನೂ ಸಂಘದಲ್ಲೇ ಇದೆ. ಯಂತ್ರದ ಸಾಲಿನಲ್ಲಿ ಒಂದು ಎಚ್ಚರ: ಸಲಕರಣೆಯ ಬೆಲೆ 1,15,000ದಿಂದ 1,80,000ಕ್ಕೆ ಏರಿದೆ, ಅಂದರೆ 65,000. ಆದರೆ ಕೊಟ್ಟದ್ದು 85,000. ನಡುವಿನ 20,000ವೇ ಸವಕಳಿ. ಇದನ್ನು ಮರೆತರೆ ಕೊನೆಯ ಸಾಲು ಬ್ಯಾಂಕಿನ ಶಿಲ್ಕಿಗೆ ಹೊಂದುವುದಿಲ್ಲ. ಹೊಂದದಿದ್ದಾಗ 'ವ್ಯತ್ಯಾಸ' ಎಂದು ಒಂದು ಸಾಲು ಸೇರಿಸಿ ಕೂಡಿಸುವ ಆಸೆ ಬರುತ್ತದೆ. ಹಾಗೆ ಮಾಡಿದ ಸ್ಲೈಡಿಗಿಂತ ಸ್ಲೈಡು ಇಲ್ಲದಿರುವುದೇ ಮೇಲು.

ಕೊನೆಯ 70,000ದ ಪಕ್ಕದಲ್ಲಿ ಮಾರ್ಚ್ 31ರ ಪಾಸ್‌ಬುಕ್ ಪುಟದ ಫೋಟೋ ಹಾಕಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. ಖಾತೆ ಸಂಖ್ಯೆ ಮುಚ್ಚಿದರಾಯಿತು. ಪಾಸ್‌ಬುಕ್ಕಿನಲ್ಲಿ 66,000, ಕೈಯಲ್ಲಿ 4,000 ಇದ್ದರೆ ಹಾಗೇ ಬರೆಯಿರಿ. ಕೊಟ್ಟ ಚೆಕ್ಕು ನಗದಾಗದೆ ಪಾಸ್‌ಬುಕ್ ಹೆಚ್ಚು ತೋರಿಸುತ್ತಿದ್ದರೆ ಅದನ್ನೂ ಬರೆಯಿರಿ. ಹತ್ತು ನಿಮಿಷದ ಭಾಷಣ ಮಾಡದ ಕೆಲಸವನ್ನು ಆ ಒಂದು ಫೋಟೋ ಮಾಡುತ್ತದೆ.

ಏಳನೆಯದು ಆಸ್ತಿ-ಜವಾಬ್ದಾರಿ. ವರದಿಯಲ್ಲಿ ಸದಸ್ಯರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಪುಟ ಇದು. ಷೇರು ಹಣ, ನಿಧಿಗಳು, ಈ ವರ್ಷದ ಲಾಭ, ಎಲ್ಲವೂ 'ಜವಾಬ್ದಾರಿ' ಕಡೆ ಕೂತಿರುತ್ತವೆ. ಅದನ್ನು ನೋಡಿ "ಸಂಘಕ್ಕೆ ಎಂಟು ಲಕ್ಷ ಸಾಲ ಇದೆ" ಎಂದು ಸುದ್ದಿ ಹಬ್ಬಿಸಿದವರೂ ಇದ್ದಾರೆ. ಸ್ಲೈಡಿನಲ್ಲಿ ಎರಡು ಕಡೆಗೆ ಬೇರೆ ತಲೆಬರಹ ಕೊಡಿ: ಎಡಕ್ಕೆ "ಏನೇನಿದೆ", ಬಲಕ್ಕೆ "ಅದು ಯಾರದ್ದು". ಎಡಗಡೆ ಆಪದ್ಧನದ ಠೇವಣಿ 2,40,000, ಒಕ್ಕೂಟದಿಂದ ಬರಬೇಕಾದ ಮಾರ್ಚ್ ಕೊನೆಯ ಹಾಲಿನ ಹಣ 1,95,000, ಸಲಕರಣೆ 1,80,000, ಫೀಡ್ ಬಾಕಿ 1,05,000, ನಗದು ಮತ್ತು ಬ್ಯಾಂಕ್ 70,000, ಫೀಡ್ ದಾಸ್ತಾನು 50,000. ಬಲಗಡೆ ಹಾಲು ಹಾಕಿದವರಿಗೆ ಕೊಡಬೇಕಾದ ಕೊನೆಯ ಬಟವಾಡೆ 1,95,000, ಸದಸ್ಯರ ಷೇರು 40,000, ವರ್ಷ ವರ್ಷ ಕೂಡಿಟ್ಟ ನಿಧಿ 4,25,000, ಈ ವರ್ಷದ ಲಾಭ 1,80,000. ಎರಡೂ ಕಡೆ 8,40,000. ಬಲಗಡೆಯ ಮೊದಲ ಸಾಲೊಂದೇ ಕೊಡಬೇಕಾದ ಬಾಕಿ, ಅದೂ ಏಪ್ರಿಲ್ ಮೊದಲ ವಾರದಲ್ಲಿ ತೀರುತ್ತದೆ. ಮಿಕ್ಕಿದ್ದೆಲ್ಲ ಸಂಘದ, ಅಂದರೆ ಸದಸ್ಯರ ಸ್ವಂತದ್ದು. ಎರಡು ಬಣ್ಣದಲ್ಲಿ ಅದನ್ನು ಬೇರೆ ಮಾಡಿ ತೋರಿಸಿದರೆ ಸಾಕು.

ಎಂಟನೆಯದು ಫೀಡ್ ಬಾಕಿ. ಊರಿನವರ ಮುಖ ನೋಡಿಕೊಂಡು ತೋರಿಸಬೇಕಾದ ಸ್ಲೈಡಾದ್ದರಿಂದ ಬಹಳ ಕಡೆ ಇದು ಮಾಯವಾಗುತ್ತದೆ. ಮೂಟೆ ಕೊಟ್ಟು ಬಟವಾಡೆಯಲ್ಲಿ ಹಿಡಿದುಕೊಳ್ಳುವುದು ವಾಡಿಕೆ. ಹಾಲು ಹಾಕುತ್ತಿರುವವರೆಗೂ ಆ ಬಾಕಿ ಭದ್ರ. ಹಸು ಮಾರಿದರು, ಬೇರೆ ಕಡೆ ಹಾಲು ಹಾಕಲು ಶುರುಮಾಡಿದರು ಎಂದರೆ ಹಿಡಿದುಕೊಳ್ಳಲು ಬಟವಾಡೆಯೇ ಇಲ್ಲ. ಆದ್ದರಿಂದ 1,05,000 ಎಂದು ಒಂದೇ ಅಂಕಿ ತೋರಿಸುವುದು ಅರ್ಧ ಸತ್ಯ. ಎರಡಾಗಿ ಒಡೆಯಬೇಕು: ಈಗಲೂ ಹಾಲು ಹಾಕುತ್ತಿರುವವರದು 70,000, ಹಾಲು ನಿಲ್ಲಿಸಿದವರದು 35,000. ಎರಡನೆಯದರಲ್ಲಿ ಒಂದು ವರ್ಷಕ್ಕಿಂತ ಹಳೆಯದು ಎಷ್ಟು ಎಂದೂ ಹೇಳಬೇಕು. ಹೆಸರುಗಳನ್ನು ಪರದೆಗೆ ಹಾಕಬಾರದು. ಊರಲ್ಲಿ ಅದು ಲೆಕ್ಕವಾಗಿ ಉಳಿಯುವುದಿಲ್ಲ, ಮರ್ಯಾದೆಯ ವಿಷಯವಾಗುತ್ತದೆ. ಪಟ್ಟಿ ಕಚೇರಿಯಲ್ಲಿರಲಿ, ಕೇಳಿದ ಸದಸ್ಯರು ನೋಡಲಿ. ಆದರೆ ಬಾಕಿದಾರರಲ್ಲಿ ಆಡಳಿತ ಮಂಡಳಿಯವರು ಇದ್ದಾರೋ ಇಲ್ಲವೋ, ಇದ್ದರೆ ಒಟ್ಟು ಎಷ್ಟು, ಇದನ್ನು ಮಾತ್ರ ಪರದೆಯ ಮೇಲೆಯೇ ಹೇಳಬೇಕು.

ಒಂಬತ್ತರಲ್ಲಿ ಆಡಿಟ್. ಸಂಘಕ್ಕೆ ಎ ವರ್ಗ ಬಂತೋ ಬಿ ವರ್ಗವೋ ಎಂಬುದು ಒಂದು ಸಾಲು. ಅದಕ್ಕಿಂತ ಮುಖ್ಯ, ಆಡಿಟರು ಎತ್ತಿದ ಆಕ್ಷೇಪಗಳಲ್ಲಿ ದೊಡ್ಡವು ಮೂರನ್ನು ಎಡಕ್ಕೂ, ಅವಕ್ಕೆ ಸಂಘ ಮಾಡಿದ್ದೇನು ಎಂಬುದನ್ನು ಬಲಕ್ಕೂ ಬರೆಯುವುದು. "ದಾಸ್ತಾನು ಪುಸ್ತಕ ತಾಳೆ ನೋಡಿಲ್ಲ" ಎಂದು ಹೋದ ವರ್ಷವೂ ಇತ್ತು, ಈ ವರ್ಷವೂ ಇದೆ ಎಂದಾದರೆ ಬಲಗಡೆ ಖಾಲಿ ಬಿಡಿ. ಆ ಖಾಲಿ ಜಾಗ ಸದಸ್ಯರಿಗೆ ತಾನೇ ಮಾತಾಡುತ್ತದೆ. "ಕ್ರಮ ಕೈಗೊಳ್ಳಲಾಗುವುದು" ಎಂಬ ಸಾಲಿಗಿಂತ ಅದು ಪ್ರಾಮಾಣಿಕ.

ಹತ್ತನೆಯದು ಎಲ್ಲರೂ ಕಾದು ಕೂತಿರುವ ಲಾಭ ಹಂಚಿಕೆ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ ಪ್ರಕಾರ ನಿವ್ವಳ ಲಾಭದ ಶೇ 25 ಆಪದ್ಧನ ನಿಧಿಗೆ ಹೋಗಬೇಕು. ನಮ್ಮ ಲೆಕ್ಕದಲ್ಲಿ ಅದು 45,000. ಶೇ 2 ಸಹಕಾರ ಶಿಕ್ಷಣ ನಿಧಿಗೆ, 3,600. ಇವೆರಡರ ಮೇಲೆ ಚರ್ಚೆ ಇಲ್ಲ. ಆದ್ದರಿಂದ ಸ್ಲೈಡಿನಲ್ಲಿ "ಕಾನೂನು ಹೇಳಿದ್ದು" ಎಂದು ಬೇರೆ ಮಾಡಿ. ಉಳಿದ 1,31,400ವನ್ನು ಉಪವಿಧಿಯ ಮಿತಿಯೊಳಗೆ "ನೀವು ತೀರ್ಮಾನಿಸುವುದು" ಎಂಬ ಕೆಳಗೆ ಬರೆಯಿರಿ. ಮಂಡಳಿಯ ಸಲಹೆ ಹೀಗಿದೆ ಎಂದಿಟ್ಟುಕೊಳ್ಳೋಣ: ಹಾಲಿನ ಬಟವಾಡೆಯ ಪ್ರತಿ ನೂರು ರೂಪಾಯಿಗೆ 1 ರೂಪಾಯಿ 40 ಪೈಸೆಯಂತೆ ಬೋನಸ್ 1,00,100, ಷೇರಿಗೆ ಶೇ 10 ಡಿವಿಡೆಂಡ್ 4,000, ಕಟ್ಟಡ ಮತ್ತಿತರ ನಿಧಿಗೆ 27,300. ಪಕ್ಕದಲ್ಲೇ ಒಂದು ಉದಾಹರಣೆ: "ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ಹಾಲು ಹಾಕಿದವರಿಗೆ 1,400 ಬೋನಸ್." ಜನ ತಮ್ಮ ಪಾಸ್‌ಬುಕ್ ನೋಡಿ ತಮ್ಮದನ್ನು ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ.

ಇಲ್ಲಿಗೆ ಮುಗಿಸಿದರೆ ಚಪ್ಪಾಳೆ ಬೀಳುತ್ತದೆ. ಬಹುಪಾಲು ಸಂಘಗಳು ಎಡವುವುದೂ ಇಲ್ಲೇ. ಕಟ್ಟಡ ನಿಧಿ ಸಂಘದಲ್ಲೇ ಉಳಿಯುತ್ತದೆ. ಮಿಕ್ಕಿದ್ದು, ಅಂದರೆ 1,52,700, ನಗದಾಗಿ ಹೊರಗೆ ಹೋಗಬೇಕು ಅಥವಾ ಠೇವಣಿಗೆ ಬೀಳಬೇಕು. ಮಾರ್ಚ್ 31ರಂದು ಇದ್ದದ್ದು 70,000. ಆರನೆಯ ಸ್ಲೈಡು ನೋಡಿದ ಸದಸ್ಯರಿಗೆ ಈ 82,700ರ ಕೊರತೆ ಕಾಣದೆ ಇರದು, ಕಾಣಬೇಕು ಕೂಡ. ಲಾಭ ಇದೆ ಎಂದು ಬೋನಸ್ ಘೋಷಿಸಿ, ಹಬ್ಬಕ್ಕೆ ಕೊಡಲಾಗದೆ, ಕೊನೆಗೆ ಹಾಲಿನ ಬಟವಾಡೆಯ ಹಣದಲ್ಲಿ ಬೋನಸ್ ಕೊಟ್ಟು ಬಟವಾಡೆ ತಡಮಾಡುವ ಸಂಘಗಳ ಕಥೆ ಶುರುವಾಗುವುದು ಇಲ್ಲಿಂದ. ಆಪದ್ಧನದ 2,40,000 ಠೇವಣಿ ಇದೆಯಲ್ಲ ಎಂದರೆ, ಅದು ಬೋನಸ್ಸಿಗೆ ಮುರಿಯುವ ಹಣವಲ್ಲ.

ಹಾಗಾಗಿ ಹಂಚಿಕೆಯ ಸ್ಲೈಡಿನ ಕೆಳಭಾಗದಲ್ಲಿ "ಎಲ್ಲಿಂದ ಕೊಡುತ್ತೇವೆ" ಎಂದು ಮೂರು ಸಾಲು ಇರಲೇಬೇಕು. ಸಭೆ ನಡೆಯುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಹೊಸ ವರ್ಷದ ಐದು ತಿಂಗಳು ಕಳೆದಿರುತ್ತದೆ. ತಿಂಗಳಿಗೆ 15,000ದ ಹಾಗೆ 75,000 ಉಳಿದಿದ್ದರೆ, ಹಾಲು ಹಾಕುತ್ತಿರುವವರ ಫೀಡ್ ಬಾಕಿಯಲ್ಲಿ 30,000 ಇಳಿದಿದ್ದರೆ, ಮಾರ್ಚಿನ 70,000 ಸೇರಿ 1,75,000 ಆಗುತ್ತದೆ. ಕೊಡಬಹುದು, ಆದರೆ ಕೈಯಲ್ಲಿ ಉಳಿಯುವುದು 22,300 ಮಾತ್ರ. ಮುಂದಿನ ಲೋಡು ಫೀಡ್ ತರಿಸಲು ಅದು ಸಾಲದು. ಹಾಲು ನಿಲ್ಲಿಸಿದವರ 35,000ವನ್ನು ಈ ಲೆಕ್ಕಕ್ಕೆ ಹಿಡಿಯಲೇಬಾರದು. ಹೀಗೆ ತೋರಿಸಿದ ಮೇಲೆ ಸಭೆಯ ಮುಂದೆ ಎರಡು ದಾರಿ ಇಡಬಹುದು: ಬೋನಸ್ಸನ್ನು ದೀಪಾವಳಿಗೆ ಅರ್ಧ, ಸಂಕ್ರಾಂತಿಗೆ ಅರ್ಧ ಕೊಡುವುದು, ಇಲ್ಲವೇ ಬೋನಸ್ ದರವನ್ನೇ 1 ರೂಪಾಯಿಗೆ ಇಳಿಸುವುದು. ಯಾವುದಾದರೂ ಸರಿ, ತಿಳಿದು ಒಪ್ಪಿದ ಸದಸ್ಯ ಹಬ್ಬದ ದಿನ ಕಾರ್ಯದರ್ಶಿಯ ಮನೆ ಬಾಗಿಲಿಗೆ ಬರುವುದಿಲ್ಲ.

ಬಜೆಟ್ಟಿಗೆ ಬೇರೆ ಸ್ಲೈಡು ಬೇಕಿಲ್ಲ. ಐದನೆಯ ಸ್ಲೈಡಿನ ನಾಲ್ಕು ಗುಂಪಿನ ಪಕ್ಕದಲ್ಲಿ ಬರುವ ವರ್ಷದ ಅಂದಾಜು ಬರೆದು ಅದನ್ನೇ ಮತ್ತೊಮ್ಮೆ ತೋರಿಸಿದರೆ ಆಯಿತು.

ಇನ್ನು ಪರದೆಯ ಕೆಲಸದ ನಾಲ್ಕು ಮಾತು. ಸಭೆ ಬೆಳಗ್ಗೆ ಹನ್ನೊಂದಕ್ಕೆ, ಶಾಮಿಯಾನದ ಕೆಳಗೆ ಅಥವಾ ಶಾಲೆಯ ಕೋಣೆಯಲ್ಲಿ. ಆ ಬೆಳಕಿನಲ್ಲಿ ತಿಳಿ ಬಣ್ಣ, ನೀಲಿಯ ಮೇಲೆ ಹಳದಿ, ಹೂವಿನ ಹಿನ್ನೆಲೆ ಎಲ್ಲ ತೊಳೆದುಹೋಗುತ್ತವೆ. ಬಿಳಿಯ ಮೇಲೆ ಕಪ್ಪು ಅಕ್ಷರ, ದೊಡ್ಡದಾಗಿ, ಒಂದು ಸ್ಲೈಡಿಗೆ ಹೆಚ್ಚೆಂದರೆ ಹತ್ತು ಸಾಲು. ಪೈಸೆ ಬಿಡಿ, ನೂರಕ್ಕೋ ಸಾವಿರಕ್ಕೋ ದುಂಡು ಮಾಡಿ. ಆದರೆ ಮೂಲೆಯಲ್ಲಿ "ವರದಿ ಪುಸ್ತಕ ಪುಟ 14" ಎಂದು ಸಣ್ಣಗೆ ಬರೆಯಿರಿ, ಪೂರ್ತಿ ಅಂಕಿ ಬೇಕೆಂದವರು ಅಲ್ಲಿ ನೋಡಲಿ. ವರ್ಷ ವರ್ಷದ ಹೋಲಿಕೆಗೆ ಕಂಬದ ಚಿತ್ರ ಹಾಕಿದರೆ ಕಂಬ ಸೊನ್ನೆಯಿಂದಲೇ ಏಳಬೇಕು. 70 ಲಕ್ಷದಿಂದ ಏಳುವ ಕಂಬದಲ್ಲಿ 71 ಲಕ್ಷ 72 ಲಕ್ಷವಾದದ್ದು ದುಪ್ಪಟ್ಟಾದಂತೆ ಕಾಣುತ್ತದೆ. ಗೊತ್ತಿಲ್ಲದೆ ಮಾಡಿದರೂ ಅದು ಕಣ್ಣಿಗೆ ಮಣ್ಣೆರಚುವ ಕೆಲಸವೇ.

ಕನ್ನಡಕ್ಕೇ ಅಂಟಿದ ಒಂದು ಕಾಟವೂ ಇದೆ. ಸಂಘದ ಕಂಪ್ಯೂಟರಿನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಸ್ಲೈಡನ್ನು ಬಾಡಿಗೆಯವರ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಎದ್ದು ನಿಲ್ಲುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಜೊತೆಗೆ ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲೂ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಕರೆಂಟು ಹೋಗುವುದಂತೂ ಇದ್ದದ್ದೇ. ಮೂರು, ಆರು, ಹತ್ತನೆಯ ಸ್ಲೈಡುಗಳನ್ನು ಫ್ಲೆಕ್ಸ್ ಮಾಡಿಸಿ ವೇದಿಕೆಯ ಪಕ್ಕ ಕಟ್ಟಿದರೆ ಪ್ರೊಜೆಕ್ಟರ್ ಕೈಕೊಟ್ಟರೂ ಸಭೆ ನಡೆಯುತ್ತದೆ. ಓದು ಬಾರದ ಸದಸ್ಯರಿಗಾಗಿ ಪ್ರತಿ ಸ್ಲೈಡಿನ ಅಂಕಿಯನ್ನು ಬಾಯಲ್ಲೂ ನಿಧಾನವಾಗಿ ಹೇಳಬೇಕು. ಹೇಳುವುದು ಬೇರೆ, ಪರದೆಯಲ್ಲಿರುವುದು ಬೇರೆ ಆಗಬಾರದು.

ಸಭೆಗೆ ಒಂದು ವಾರ ಮೊದಲು ಮಂಡಳಿಯಲ್ಲಿಲ್ಲದ ಒಬ್ಬ ಸದಸ್ಯರನ್ನು ಕರೆದು ಆರನೆಯ ಸ್ಲೈಡು ತೋರಿಸಿ, "ಅಕ್ಕಾ, ಇದರಲ್ಲಿ ನಿಮಗೆ ಏನು ಗೊತ್ತಾಯ್ತು?" ಎಂದು ಕೇಳಿ. ವಿವರಿಸಬೇಡಿ. ಅವರು ತಮ್ಮ ಮಾತಲ್ಲಿ ಹೇಳಲಾಗದ ಸಾಲು ಯಾವುದೋ ಅದನ್ನು ತಿದ್ದಿ.

ಸ್ಲೈಡುಗಳಿಂದ ಆಗದ್ದೂ ಇದೆ. ಪುಸ್ತಕಕ್ಕೇ ಬಾರದ ವ್ಯವಹಾರವನ್ನು ಯಾವ ಸ್ಲೈಡೂ ತೋರಿಸಲಾರದು. ಊರಲ್ಲಿ ಮಾರಿದ ಹಾಲನ್ನು ಕಡಿಮೆ ಬರೆದಿದ್ದರೆ ಪರದೆಯ ಮೇಲೂ ಕಡಿಮೆಯೇ ಬರುತ್ತದೆ. ಅದನ್ನು ಹಿಡಿಯಲು ಕೊಂಡ ಹಾಲಿನ ಲೀಟರನ್ನು ಒಕ್ಕೂಟಕ್ಕೆ ಕಳಿಸಿದ ಮತ್ತು ಊರಲ್ಲಿ ಮಾರಿದ ಲೀಟರಿನ ಜೊತೆ ತಾಳೆ ನೋಡಬೇಕು. ನಮ್ಮ ಉದಾಹರಣೆಯಲ್ಲಿ 2,10,000ಕ್ಕೆ 10,000 ಕೂಡಿಸಿದರೆ 2,20,000 ಸರಿಹೋಗುತ್ತದೆ. ನಿಮ್ಮ ಸಂಘದಲ್ಲಿ ಹೋಗದಿದ್ದರೆ ಆ ಲೀಟರುಗಳು ಎಲ್ಲಿ ಹೋದವು ಎಂಬ ಪ್ರಶ್ನೆ ನ್ಯಾಯವಾದದ್ದು.

ಈ ಸೆಪ್ಟೆಂಬರಿನಲ್ಲಿ ನಿಮ್ಮ ಡೇರಿಯ ಮಹಾಸಭೆಗೆ ಹೋದಾಗ ಪರದೆ ಇರಲಿ, ಬರೀ ವರದಿ ಪುಸ್ತಕವೇ ಇರಲಿ, ಬೋನಸ್ ಘೋಷಣೆಗೆ ಕೈ ಎತ್ತುವ ಮೊದಲು ಎರಡು ಅಂಕಿ ಕೇಳಿ: ಮಾರ್ಚ್ 31ರಂದು ನಗದು ಮತ್ತು ಬ್ಯಾಂಕ್ ಶಿಲ್ಕು ಎಷ್ಟಿತ್ತು, ಹಾಲು ನಿಲ್ಲಿಸಿದವರಿಂದ ಬರಬೇಕಾದ ಬಾಕಿ ಎಷ್ಟು.